ವಿಸಿಯಲ್ಲಿ ನಿಮ್ಮ ಸರದಿಯ ಮೊದಲ ಮೂರು ಸೆಕೆಂಡ್

ಪ್ರಶ್ನೆ: ಕೊಪ್ಪಳ ಜಿಲ್ಲೆಯ ಒಂದು ಗ್ರಾಮ ಪಂಚಾಯ್ತಿಯಲ್ಲಿ ಪಿಡಿಒ ಆಗಿದ್ದೀನಿ. ಎದುರಿಗೆ ಕೂತು ಮಾತಾಡೋಕೆ ನನಗೆ ಅಂಜಿಕೆ ಇಲ್ಲ. ಆದ್ರೆ ವಿಡಿಯೋ ಕಾನ್ಫರೆನ್ಸ್, ಅಂದ್ರೆ ವಿಸಿಯಲ್ಲಿ ನನ್ನ ಸರದಿ ಬಂದ್ರೆ ಸಾಕು, ಸಾಹೇಬರು ನಾನು ಇಬ್ಬರೂ ಒಟ್ಟಿಗೆ ಶುರು ಮಾಡ್ತೀವಿ, ಇಬ್ಬರೂ ಒಟ್ಟಿಗೆ ನಿಲ್ಲಿಸ್ತೀವಿ. ‘ಮ್ಯೂಟ್‌ನಲ್ಲಿದ್ದೀರಿ’, ‘ಕಟ್ ಆಗ್ತಿದೆ’, ‘ಆ ಕಡೆ ಏನು ನೋಡ್ತಿದ್ದೀರಿ’ ಅನ್ನೋದ್ರಲ್ಲೇ ಟೈಮ್ ಹೋಗುತ್ತೆ. ಫೋನಿನಲ್ಲಿ ಸೇರ್ತೀನಿ, ಕಿವಿಗೆ ಬ್ಲೂಟೂತ್ ಹಾಕ್ಕೊಂಡಿರ್ತೀನಿ. ಎಲ್ಲಿ ತಪ್ತಿದೀನಿ?

ಉತ್ತರ: ಮೊದಲು ಆ ಒಟ್ಟಿಗೆ ಶುರುವಾಗುವ ತೊಂದರೆಯನ್ನು ನೋಡೋಣ. ಉಳಿದ ಮೂರಕ್ಕೂ ಅದರ ಜೊತೆ ನಂಟಿದೆ.

ಎದುರುಬದುರು ಕೂತು ಮಾತಾಡುವಾಗ ಒಬ್ಬರ ಮಾತು ಮುಗಿದು ಇನ್ನೊಬ್ಬರದು ಶುರುವಾಗುವ ನಡುವಿನ ಬಿಡುವು ತುಂಬಾ ಚಿಕ್ಕದು. 2009ರಲ್ಲಿ ಹತ್ತು ಭಾಷೆಗಳ ಮಾತುಕತೆಯನ್ನು ಅಳೆದ ಒಂದು ಅಧ್ಯಯನದಲ್ಲಿ ಅದು ಸರಾಸರಿ 0.2 ಸೆಕೆಂಡಿನ ಆಸುಪಾಸು ಇತ್ತು. ಆ ಬಿಡುವು ಸ್ವಲ್ಪ ಉದ್ದ ಆದರೂ ನಮಗೆ ಏನೋ ಸರಿಯಿಲ್ಲ ಅನಿಸುತ್ತದೆ. ಕೇಳಿಸಿಲ್ವೇನೋ, ಉತ್ತರ ಗೊತ್ತಿಲ್ವೇನೋ ಅಂದುಕೊಳ್ಳುತ್ತೇವೆ. ವಿಸಿಯಲ್ಲಿ ಈ ಬಿಡುವಿನ ಲೆಕ್ಕವೇ ಕೆಡುತ್ತದೆ.

ನಿಮ್ಮ ದನಿ ಫೋನಿನ ಮೈಕಿನಿಂದ ಹೊರಟು, ಟವರ್ ಹಾದು, ಸರ್ವರ್ ಮುಟ್ಟಿ, ಆ ಕಡೆಯ ಸಭಾಂಗಣದ ಸ್ಪೀಕರಿಗೆ ಬರೋದಕ್ಕೆ 0.3 ಸೆಕೆಂಡ್ ಹಿಡಿಯುತ್ತದೆ ಅಂತ ಇಟ್ಟುಕೊಳ್ಳಿ. ಹಳ್ಳಿಯಿಂದ ಮೊಬೈಲ್ ಡೇಟಾದಲ್ಲಿ ಸೇರುವವರಿಗೆ ಇದೇನು ದೊಡ್ಡ ಅಂಕಿಯಲ್ಲ. ಸಾಹೇಬರು ಕೇಳುತ್ತಾರೆ: ‘ಟ್ಯಾಂಕರ್ ಎಷ್ಟು ಓಡ್ತಿವೆ?’ ಅವರ ಬಾಯಿ ಮುಚ್ಚಿದ ಗಳಿಗೆಯನ್ನು ಸೊನ್ನೆ ಅನ್ನೋಣ. ಪ್ರಶ್ನೆಯ ಕೊನೆ ನಿಮಗೆ ಕೇಳಿಸುವುದು 0.3ಕ್ಕೆ. ನೀವು ಚುರುಕಾಗಿಯೇ ಇದ್ದೀರಿ, 0.5ಕ್ಕೆ ಮಾತು ಶುರು ಮಾಡುತ್ತೀರಿ. ಅದು ಅವರಿಗೆ ಮುಟ್ಟುವುದು 0.8ಕ್ಕೆ. ಅಷ್ಟರಲ್ಲಿ 0.7ಕ್ಕೇ ಅವರು ‘ಹಲೋ, ಕೇಳಿಸ್ತಿದೆಯಾ?’ ಅಂದುಬಿಟ್ಟಿರುತ್ತಾರೆ. ಆ ‘ಹಲೋ’ ನಿಮಗೆ ಬರುವುದು 1.0ಕ್ಕೆ, ಅಂದರೆ ನೀವು ಅರ್ಧ ಸೆಕೆಂಡ್ ಮಾತಾಡಿದ ಮೇಲೆ. ಹಿರಿಯ ಅಧಿಕಾರಿ ಮಾತಾಡುತ್ತಿದ್ದಾರೆ ಅಂತ ನೀವು ಗಪ್ಪನೆ ನಿಲ್ಲುತ್ತೀರಿ. ಅಷ್ಟರಲ್ಲಿ ಅವರಿಗೂ ನಿಮ್ಮ ದನಿ ಕೇಳಿಸಿ ಅವರೂ ನಿಲ್ಲುತ್ತಾರೆ. ಈಗ ಎರಡೂ ಕಡೆ ಮೌನ. ಆಮೇಲೆ ಇಬ್ಬರೂ ಒಟ್ಟಿಗೆ ‘ಹಾಂ, ಹೇಳಿ ಹೇಳಿ’.

ಇದರಲ್ಲಿ ಯಾರೂ ಯಾರ ಮಾತಿಗೂ ಅಡ್ಡ ಬಂದಿಲ್ಲ ನೋಡಿ. ನಿಮ್ಮ ಕಡೆಯಿಂದ ನೋಡಿದರೆ ಅವರು ಅಡ್ಡ ಬಂದರು, ಅವರ ಕಡೆಯಿಂದ ನೋಡಿದರೆ ನೀವು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ G.114 ಎಂಬ ಶಿಫಾರಸು ಒಂದು ದಿಕ್ಕಿನ ತಡ 0.15 ಸೆಕೆಂಡಿನ ಒಳಗಿದ್ದರೆ ಮಾತುಕತೆ ಹೆಚ್ಚುಕಡಿಮೆ ಸಲೀಸು ಅನ್ನುತ್ತದೆ. 0.4 ದಾಟುವಂತೆ ಜಾಲವನ್ನು ಕಟ್ಟಲೇಬಾರದು ಅನ್ನುತ್ತದೆ. ಈ ಎರಡರ ನಡುವೆ ಎಲ್ಲೋ ನಾವೆಲ್ಲ ಬದುಕುತ್ತಿದ್ದೇವೆ.

ನಿಮ್ಮ ತಡ ಎಷ್ಟು ಅಂತ ಮನೆಯಲ್ಲೇ ಅಳೆಯಬಹುದು. ಪಕ್ಕದ ಪಂಚಾಯ್ತಿಯ ಗೆಳತಿಯೊಬ್ಬರನ್ನು ಅದೇ ಆ್ಯಪ್‌ನಲ್ಲಿ ಕರೆದು, ಒಂದರಿಂದ ಇಪ್ಪತ್ತರವರೆಗೆ ಸರದಿಯಂತೆ ಎಣಿಸಿ. ನೀವು ಒಂದು, ಅವರು ಎರಡು, ನೀವು ಮೂರು, ಹೀಗೆ. ಕೇಳಿಸಿದ ತಕ್ಷಣ ಮುಂದಿನದು ಹೇಳಬೇಕು, ಲಯ ಹಿಡಿದು ಮೊದಲೇ ಹೇಳಬಾರದು. ಇದನ್ನೇ ಒಮ್ಮೆ ಎದುರು ಕೂತೂ ಮಾಡಿ. ಎದುರು ಕೂತಾಗ 11 ಸೆಕೆಂಡ್ ಹಿಡಿಯಿತು, ಕಾಲ್‌ನಲ್ಲಿ 17 ಹಿಡಿಯಿತು ಅನ್ನಿ. ಹೆಚ್ಚಾದ 6 ಸೆಕೆಂಡನ್ನು 20ರಿಂದ ಭಾಗಿಸಿದರೆ 0.3. ಅದೇ ನಿಮ್ಮ ಒಂದು ದಿಕ್ಕಿನ ತಡ, ಸುಮಾರಾಗಿ. ಬ್ಲೂಟೂತ್ ಹಾಕಿಕೊಂಡು ಒಮ್ಮೆ, ತೆಗೆದು ಒಮ್ಮೆ ಎಣಿಸಿ ನೋಡಿ. ಬ್ಲೂಟೂತ್ ತನ್ನದೂ ಒಂದಿಷ್ಟು ತಡ ಸೇರಿಸುತ್ತದೆ. ಎಷ್ಟು ಅನ್ನುವುದು ಆ ಸಾಧನದ ಮೇಲೆ ಹೋಗುತ್ತದೆ. ಪಂಚಾಯ್ತಿಯ ವೈಫೈನಲ್ಲಿದ್ದರೆ ಇನ್ನೊಂದು ವಿಷಯ ಗಮನಿಸಿ. ಕಂಪ್ಯೂಟರ್ ಆಪರೇಟರ್ ಅದೇ ಹೊತ್ತಿಗೆ ಕಾಮಗಾರಿಯ ಫೋಟೋಗಳನ್ನು ಅಪ್‌ಲೋಡ್ ಮಾಡುತ್ತಿದ್ದರೆ ನಿಮ್ಮ ದನಿ ಆ ಫೋಟೋಗಳ ಹಿಂದೆ ಪಾಳಿಯಲ್ಲಿ ನಿಲ್ಲುತ್ತದೆ. ವಿಸಿ ಮುಗಿಯುವ ತನಕ ಅಪ್‌ಲೋಡ್ ನಿಲ್ಲಿಸಲು ಹೇಳಿ. ಇದರಿಂದ ಆಗುವ ಲಾಭ ಹೊಸ ಫೋನ್ ಕೊಂಡರೂ ಆಗುವುದಿಲ್ಲ.

ತಡವನ್ನು ಪೂರ್ತಿ ತೆಗೆಯಲು ಆಗುವುದಿಲ್ಲ. ಹಾಗಾಗಿ ಮಾತಿನ ಆಕಾರವನ್ನು ಅದಕ್ಕೆ ಹೊಂದಿಸಬೇಕು. ನಿಮ್ಮ ಸರದಿ ಬಂದ ಕೂಡಲೇ ಕಳೆದುಹೋದರೂ ನಷ್ಟವಿಲ್ಲದ ಒಂದು ವಾಕ್ಯ ಹೇಳಿ: ‘ನಮಸ್ಕಾರ ಸರ್, ಇಂಥ ಪಂಚಾಯ್ತಿಯಿಂದ ಪಿಡಿಒ ಮಾತಾಡ್ತಿದ್ದೀನಿ.’ ಇದು ಎರಡು, ಎರಡೂವರೆ ಸೆಕೆಂಡಿನ ಮಾತು. ಸಾಹೇಬರ ‘ಹಲೋ’ ಏನಾದರೂ ಡಿಕ್ಕಿ ಹೊಡೆಯುವುದಿದ್ದರೆ ಇದರೊಳಗೇ ಹೊಡೆದು ಮುಗಿಯುತ್ತದೆ. ‘ಹಲೋ’ ಕೇಳಿಸಿದರೂ ನಿಲ್ಲಬೇಡಿ, ವಾಕ್ಯ ಮುಗಿಸಿ. ಅದು ಪ್ರಶ್ನೆಯಲ್ಲ, ನಿಮ್ಮ ದನಿ ಅವರಿಗೆ ಮುಟ್ಟುವ ಮೊದಲು ಹೊರಟ ಮಾತು. ಹಿರಿಯರು ಮಾತಾಡುವಾಗ ನಿಲ್ಲಿಸದೆ ಮಾತಾಡುವುದು ನಮಗೆ ಒಗ್ಗದ ಸಂಗತಿ, ಒಪ್ಪುತ್ತೇನೆ. ಆದರೆ ಅವರ ಕಿವಿಗೆ ಅದು ಅಡ್ಡ ಮಾತಾಗಿ ಕೇಳಿಸುವುದಿಲ್ಲ. ತಮ್ಮ ‘ಹಲೋ’ಗೆ ತಕ್ಷಣ ಉತ್ತರ ಬಂತು ಅಂತ ಕೇಳಿಸುತ್ತದೆ. ಅವರು ಎರಡು ಸೆಕೆಂಡ್ ಆದ ಮೇಲೂ ಬಿಡದೆ ಮಾತಾಡುತ್ತಿದ್ದರೆ ಮಾತ್ರ ನಿಲ್ಲಿಸಿ, ಅದು ನಿಜವಾದ ಪ್ರಶ್ನೆ.

ಮುಗಿಸುವುದೂ ಬಾಯಿ ಬಿಟ್ಟು ಹೇಳಬೇಕು. ಎದುರಿಗಿದ್ದರೆ ಫೈಲು ಮುಚ್ಚಿದರೆ ಸಾಕು, ಮಾತು ಮುಗಿಯಿತು ಅಂತ ತಿಳಿಯುತ್ತದೆ. ಇಲ್ಲಿ ‘ಇಷ್ಟು ಸರ್’ ಅನ್ನಿ. ಅಂದ ಮೇಲೆ ಸುಮ್ಮನಿರಿ. ಮನಸ್ಸಿನಲ್ಲೇ ಒಂದು, ಎರಡು ಎಣಿಸಿ. ಆ ಮೌನ ಕಿರಿಕಿರಿ ಅನಿಸಿ ‘ಮತ್ತೆ ಸರ್, ಇನ್ನೊಂದು ವಿಷಯ’ ಅಂತ ಶುರು ಮಾಡಿದರೆ ಅವರ ಮುಂದಿನ ಪ್ರಶ್ನೆಗೆ ನೇರವಾಗಿ ಗುದ್ದುತ್ತೀರಿ.

ಇನ್ನು ನಮ್ಮ ಕಡೆಯವರ ಒಂದು ಅಭ್ಯಾಸ. ಸಾಹೇಬರು ಹೇಳುತ್ತಿರುವಾಗ ನಡುನಡುವೆ ‘ಹೂಂ ರೀ ಸರ್’, ‘ಹೌದ್ರೀ ಸರ್’, ‘ಆಯ್ತ್ರೀ’. ಎದುರಿಗಿದ್ದಾಗ ಅದು ಮರ್ಯಾದೆ, ಇಲ್ಲದಿದ್ದರೆ ಕೇಳಿಸಿಕೊಳ್ಳುತ್ತಿಲ್ಲವೇನೋ ಅಂದುಕೊಳ್ಳುತ್ತಾರೆ. ವಿಸಿಯಲ್ಲಿ ಅದು ಅವರ ಮಾತನ್ನೇ ನುಂಗುತ್ತದೆ. ಸಭಾಂಗಣದ ಸ್ಪೀಕರಿನಿಂದ ಬರುವ ನಿಮ್ಮ ದನಿ ಅಲ್ಲಿನ ಮೈಕಿಗೂ ಬೀಳುತ್ತದೆ. ಅದು ಮತ್ತೆ ನಿಮಗೆ ಪ್ರತಿಧ್ವನಿಯಾಗಿ ಬಾರದಂತೆ ಯಂತ್ರ ಅದನ್ನು ಕಳೆಯುತ್ತಿರುತ್ತದೆ. ಒಬ್ಬರೇ ಮಾತಾಡುವಾಗ ಈ ಕೆಲಸ ಸುಲಭ. ಇಬ್ಬರೂ ಒಟ್ಟಿಗೆ ಮಾತಾಡಿದರೆ ಯಾವುದು ಯಾರ ದನಿ ಅಂತ ಬೇರ್ಪಡಿಸುವುದು ಕಷ್ಟ, ಹಾಗಾಗಿ ಹಲವು ಯಂತ್ರಗಳು ಒಂದು ಕಡೆಯ ದನಿಯನ್ನು ತಗ್ಗಿಸಿಬಿಡುತ್ತವೆ. ನಿಮ್ಮ ‘ಹೂಂ ರೀ’ ಹೋದ ಗಳಿಗೆಯಲ್ಲಿ ಸಾಹೇಬರು ಹೇಳಿದ ತಾರೀಖು ಮಾಯವಾಗುವುದು ಹೀಗೆ. ತಲೆಯಾಡಿಸಿ, ಸಾಕು. ಕ್ಯಾಮೆರಾದಲ್ಲಿ ಕಾಣುವಂತೆ ಸ್ವಲ್ಪ ಜೋರಾಗೇ ಆಡಿಸಿ.

ಈಗ ‘ಕಟ್ ಆಗ್ತಿದೆ’ ಅನ್ನುವ ದೂರು. ನೆಟ್‌ವರ್ಕ್ ಒಂದೇ ಕಾರಣ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅರ್ಧದಷ್ಟು ಸಲ ಕಾರಣ ಮೈಕ್ ಮತ್ತು ಫ್ಯಾನು ಅನ್ನುವುದು ನನ್ನ ಅನುಭವ. ಗುರುತಿಸುವುದು ಹೇಗೆ? ಆ ಕಡೆಯವರಿಗೆ ನಿಮ್ಮ ಚಿತ್ರವೂ ನಿಂತು, ದನಿಯೂ ಪದದ ನಡುವೆ ತುಂಡಾಗಿ, ಆಮೇಲೆ ಓಡಿ ಬಂದಂತೆ ಕೇಳಿಸಿದರೆ ಅದು ನೆಟ್‌ವರ್ಕ್. ಚಿತ್ರ ಸರಾಗವಾಗಿ ಓಡುತ್ತಿದ್ದು ದನಿ ಮಾತ್ರ ಮಂಕಾಗಿ, ಪದಗಳ ತುದಿ ತಿಂದಂತೆ ಕೇಳಿಸಿದರೆ ಮೈಕಿನ ಕಡೆ ನೋಡಿ. ನೆಟ್‌ವರ್ಕ್ ಆಗಿದ್ದರೆ ಮೊದಲು ಬಿಡಬೇಕಾದ್ದು ಚಿತ್ರ. ಜೂಮ್‌ನಲ್ಲಿ ದನಿಗೆ 60ರಿಂದ 80 ಕೆಬಿಪಿಎಸ್ ಸಾಕು, ಒಳ್ಳೆಯ ಚಿತ್ರಕ್ಕೆ 600ರ ಹತ್ತಿರ ಬೇಕು. ‘ಸರ್, ವಿಡಿಯೋ ಬಂದ್ ಮಾಡಿ ಮಾತಾಡ್ತೀನಿ’ ಅಂತ ಹೇಳಿ ಬಂದ್ ಮಾಡಿ.

ಮೈಕಿನ ವಿಷಯಕ್ಕೆ ಬಂದರೆ ಆ ಬ್ಲೂಟೂತನ್ನು ತೆಗೆದಿಡಿ. ಹಾಡು ಕೇಳುವಾಗ ಅದು ಚೆನ್ನಾಗಿರುತ್ತದೆ, ಸರಿ. ಆದರೆ ಮೈಕ್ ಬಳಸಲು ಶುರು ಮಾಡಿದ ಕೂಡಲೇ ಮಾಮೂಲಿ ಬ್ಲೂಟೂತ್ ಬೇರೆ ಬಗೆಯ ಸಂಪರ್ಕಕ್ಕೆ ಹೊರಳುತ್ತದೆ, ಅದರಲ್ಲಿ ದನಿಯ ಗುಣಮಟ್ಟ ಇಳಿಯುತ್ತದೆ. ಮೇಲಾಗಿ ಮೈಕ್ ಇರುವುದು ಕಿವಿಯ ಹತ್ತಿರ, ಬಾಯಿಯಿಂದ ದೂರ. ವೈರಿನ ಇಯರ್‌ಫೋನ್ ಕೊಳ್ಳಿ, ವೈರಿನಲ್ಲಿ ಮೈಕ್ ಇರುವಂಥದ್ದು. ಆ ಮೈಕ್ ಗಲ್ಲದ ಕೆಳಗೆ ಒಂದು ಗೇಣಿನೊಳಗೆ ತೂಗುತ್ತಿರಬೇಕು. ಬಾಯಿಗೆ ಹಿಡಿದುಕೊಳ್ಳಬೇಡಿ, ಉಸಿರು ಬಡಿದು ‘ಫ’, ‘ಬ’ ಎಲ್ಲ ಗುಂಯ್ ಅನ್ನುತ್ತವೆ. ಸೆರಗಿಗೆ, ತಾಳಿ ಸರಕ್ಕೆ ಉಜ್ಜದಂತೆ ನೋಡಿಕೊಳ್ಳಿ. ಆ ಕಡೆಯವರಿಗೆ ಕೇಳಿಸುವ ಪರಪರ ಸದ್ದು ಬಹಳ ಸಲ ಅದೇ, ನೆಟ್‌ವರ್ಕ್ ಅಲ್ಲ.

ಮೈಕ್ ಹತ್ತಿರ ಇರಬೇಕು ಅನ್ನುವುದಕ್ಕೆ ಕಾರಣ ಫ್ಯಾನು. ರಾಯಚೂರು, ಕೊಪ್ಪಳದ ಏಪ್ರಿಲ್‌ನಲ್ಲಿ ಫ್ಯಾನ್ ಬಂದ್ ಮಾಡಿ ಮಾತಾಡಿ ಅಂತ ನಾನು ಯಾರಿಗೂ ಹೇಳಲಾರೆ. ಆ್ಯಪ್ ತಾನೇ ಫ್ಯಾನಿನ ಸದ್ದನ್ನು ಕಳೆಯುತ್ತದೆ, ನಿಜ. ಆದರೆ ‘ಸ’, ‘ಶ’ದಂಥ ಅಕ್ಷರಗಳ ಸದ್ದೂ ಗಾಳಿಯ ಸದ್ದಿನ ಜಾತಿಯದೇ. ಫೋನ್ ಮೂರು ಅಡಿ ದೂರದ ಮೇಜಿನ ಮೇಲಿದ್ದರೆ ಎರಡೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಮೈಕಿಗೆ ಬೀಳುತ್ತವೆ, ಯಂತ್ರ ಎರಡನ್ನೂ ಕಳೆಯುತ್ತದೆ. ಮೈಕ್ ದೂರ ಅರ್ಧಕ್ಕೆ ಇಳಿದಾಗಲೆಲ್ಲ ನಿಮ್ಮ ದನಿ 6 ಡೆಸಿಬೆಲ್ ಏರುತ್ತದೆ, ಫ್ಯಾನಿನ ಸದ್ದು ಇದ್ದಷ್ಟೇ ಇರುತ್ತದೆ. ಮೂರು ಅಡಿಯಿಂದ ಮುಕ್ಕಾಲು ಅಡಿಗೆ ತಂದರೆ 12 ಡೆಸಿಬೆಲ್ ಸಿಕ್ಕಿತು. ನೀವು ಕೂಗುವ ಅಗತ್ಯವೇ ಇಲ್ಲ. ಟೇಬಲ್ ಫ್ಯಾನಾದರೆ ಗಾಳಿ ಬೆನ್ನಿಗೆ ಬೀಳಲಿ, ಮೈಕಿನ ಮೇಲೆ ಮಾತ್ರ ಬೇಡ.

ಅಂಕಿ ಹೇಳುವಾಗ ಒಂದು ಜಾಗ್ರತೆ. ಮಾತಿನ ಮೊದಲ ಅಕ್ಷರವೇ ಜಾಸ್ತಿ ಕಳೆದುಹೋಗುವುದು, ಯಾಕೆಂದರೆ ಮೌನದಿಂದ ದನಿಗೆ ಹೊರಳುವಾಗ ಯಂತ್ರ ಬಾಗಿಲು ತೆರೆಯಲು ಚೂರು ಹೊತ್ತು ತೆಗೆದುಕೊಳ್ಳುತ್ತದೆ. ಇಪ್ಪತ್ತು, ಎಪ್ಪತ್ತು. ಮೊದಲ ಅಕ್ಷರ ಹೋದರೆ ಎರಡೂ ‘ಪ್ಪತ್ತು’. ಇಪ್ಪತ್ತು ಟ್ಯಾಂಕರ್ ಟ್ರಿಪ್ಪು ಎಪ್ಪತ್ತಾಗಿ ಟಿಪ್ಪಣಿಗೆ ಬಿದ್ದರೆ ಆಮೇಲೆ ಅದರ ವಿವರಣೆ ಕೊಡುವವರು ನೀವೇ. ಅಂಕಿಯನ್ನು ವಾಕ್ಯದ ಮೊದಲಿಗೆ ಇಡಬೇಡಿ. ‘ದಿನಕ್ಕೆ ಟ್ಯಾಂಕರ್ ಟ್ರಿಪ್ ಇಪ್ಪತ್ತು ಸರ್, ಎರಡು ಸೊನ್ನೆ’ ಅನ್ನಿ. ಬಿಡಿ ಅಂಕಿಗಳನ್ನು ಮತ್ತೆ ಹೇಳುವುದು ಮೊದಮೊದಲು ವಿಚಿತ್ರ ಅನಿಸುತ್ತದೆ, ಆಮೇಲೆ ರೂಢಿಯಾಗುತ್ತದೆ.

ಮ್ಯೂಟ್ ವಿಷಯದಲ್ಲಿ ಹೆಚ್ಚಿನವರು ಹೆಸರು ಕರೆದ ಮೇಲೆ ಬಟನ್ ಹುಡುಕುತ್ತಾರೆ. ಪರದೆ ಮುಟ್ಟಿದ ಮೇಲೆ ಬಟನ್ ಕಾಣುತ್ತದೆ, ಅದನ್ನು ಒತ್ತಬೇಕು, ಮೈಕ್ ತೆರೆಯಬೇಕು, ಇಷ್ಟರಲ್ಲಿ ಎರಡು ಸೆಕೆಂಡ್ ಹೋಯಿತು. ಮೇಲೆ ಹೇಳಿದ 0.8ರ ಲೆಕ್ಕಕ್ಕೆ ಇದನ್ನೂ ಕೂಡಿಸಿ. ಸಾಹೇಬರು ‘ಮ್ಯೂಟ್‌ನಲ್ಲಿದ್ದೀರಿ’ ಅನ್ನದೆ ಇನ್ನೇನು ಅಂದಾರು? ನಿಮ್ಮ ಹಿಂದಿನ ಪಂಚಾಯ್ತಿಯವರು ‘ಇಷ್ಟು ಸರ್’ ಅಂದಾಗಲೇ ಮ್ಯೂಟ್ ತೆಗೆಯಿರಿ. ತೆಗೆದ ಮೇಲೆ ಒಂದು ಸೆಕೆಂಡ್ ಮೈಕಿನ ಗುರುತನ್ನು ನೋಡಿ. ಮಾತಾಡಿದಾಗ ಜೂಮ್‌ನಲ್ಲಿ ಅದರೊಳಗೆ ಹಸಿರು ಏರಿಳಿಯುತ್ತದೆ. ಏರಿಳಿಯದಿದ್ದರೆ ಮ್ಯೂಟ್ ತೆಗೆದಿದ್ದರೂ ದನಿ ಹೋಗುತ್ತಿಲ್ಲ ಅಂತ ಅರ್ಥ.

ಸಭೆ ನಡೆಸುವವರು ಎಲ್ಲರನ್ನೂ ಮ್ಯೂಟ್ ಮಾಡಿ ಬೀಗ ಹಾಕಿದ್ದರೆ ಬಟನ್ ಒತ್ತಿದರೂ ಪ್ರಯೋಜನವಿಲ್ಲ. ಆಗ ಅವರು ತಮ್ಮ ಕಡೆಯಿಂದ ಅನುಮತಿ ಕಳಿಸುತ್ತಾರೆ, ಪರದೆಯ ಮೇಲೆ Unmute ಅಂತ ಬರುತ್ತದೆ. ಅದನ್ನು ಒತ್ತಿ, ಕೈ ತೆಗೆಯಿರಿ. ಗಾಬರಿಯಲ್ಲಿ ಅದನ್ನೂ ಒತ್ತಿ, ಕೆಳಗಿನ ಮೈಕ್ ಬಟನ್ನನ್ನೂ ಒತ್ತಿದರೆ ತೆರೆದದ್ದು ಮತ್ತೆ ಮುಚ್ಚುತ್ತದೆ. ಲ್ಯಾಪ್‌ಟಾಪಿನಲ್ಲಿ ಜೂಮ್ ಆದರೆ Alt+A, ಮೀಟ್ ಆದರೆ Ctrl+D ಒತ್ತಿದರೆ ಮ್ಯೂಟ್ ಹಾಕಬಹುದು, ತೆಗೆಯಬಹುದು. ಜೂಮ್‌ನಲ್ಲಿ ಸ್ಪೇಸ್ ಬಾರ್ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಮೈಕ್ ತೆರೆದಿರುವ ಅನುಕೂಲವೂ ಇದೆ. ‘ಹಾಜರಿದ್ದೀನಿ ಸರ್’ ಅನ್ನಲು ಅದು ಸರಿ. ಉದ್ದ ವರದಿಗೆ ಬೇಡ, ಬೆರಳು ಬೇಗ ಎತ್ತಿ ಕೊನೆಯ ಪದ ಕಳೆಯುತ್ತೀರಿ.

ಮಾತು ಮುಗಿಸಿದ ಕೂಡಲೇ ಮ್ಯೂಟ್ ಹಾಕಿಕೊಳ್ಳುವುದು ಒಳ್ಳೆಯ ಅಭ್ಯಾಸ ಅಂತ ಎಲ್ಲ ತರಬೇತಿಯಲ್ಲೂ ಹೇಳುತ್ತಾರೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಮರುಪ್ರಶ್ನೆ ಬರುವುದು ಆಗಲೇ ಅಲ್ವಾ? ಮುಂದಿನ ಪಂಚಾಯ್ತಿಯ ಹೆಸರು ಕರೆದ ಮೇಲೆ ಹಾಕಿಕೊಳ್ಳಿ.

ಒಂದೇ ಕೋಣೆಯಲ್ಲಿ ನೀವು ಫೋನಿನಲ್ಲಿ, ಆಪರೇಟರ್ ಕಂಪ್ಯೂಟರಿನಲ್ಲಿ ಸೇರಿದ್ದರೆ ಕುಂಯ್ಯೆನ್ನುವ ಸದ್ದು ಖಾತ್ರಿ. ಕಂಪ್ಯೂಟರಿನ ಮೈಕ್ ಮುಚ್ಚಿದರೆ ಸಾಲದು, ಸ್ಪೀಕರೂ ಬಂದ್ ಆಗಬೇಕು. ಇಲ್ಲದಿದ್ದರೆ ಅದರಿಂದ ಬರುವ ನಿಮ್ಮದೇ ದನಿ ನಿಮ್ಮ ಫೋನಿನ ಮೈಕಿಗೆ ಬೀಳುತ್ತಿರುತ್ತದೆ. ಇದರಲ್ಲಿ ತಪ್ಪು ಯಾರದು ಅಂತ ತಿಳಿಯಲು ಒಂದು ಗುರುತು ಇದೆ. ಕೋಣೆಯಲ್ಲಿ ಒಂದೇ ಸಾಧನವಿದ್ದೂ ನಿಮ್ಮ ದನಿ ನಿಮಗೇ ತಡವಾಗಿ ವಾಪಸ್ ಕೇಳಿಸಿದರೆ ತೊಂದರೆ ಆ ಕಡೆ ಯಾರದೋ ಸ್ಪೀಕರಿನಲ್ಲಿದೆ. ನೀವು ಮೈಕ್ ತೆರೆದಾಗ ಮಾತ್ರ ಸಾಹೇಬರಿಗೆ ಅವರ ದನಿ ಎರಡು ಸಲ ಕೇಳಿಸಿದರೆ ತೊಂದರೆ ನಿಮ್ಮ ಕೋಣೆಯಲ್ಲಿದೆ.

ಕೊನೆಗೆ ನೋಟ. ‘ಆ ಕಡೆ ಏನು ನೋಡ್ತಿದ್ದೀರಿ’ ಅಂದರು ಅಂದರೆ ಫೋನನ್ನು ಅಡ್ಡ ಇಟ್ಟಿರುತ್ತೀರಿ ಅಂತ ನನ್ನ ಊಹೆ. ಅಡ್ಡ ಇಟ್ಟಾಗ ಕ್ಯಾಮೆರಾ ಪರದೆಯ ಎಡಕ್ಕೋ ಬಲಕ್ಕೋ ಹೋಗುತ್ತದೆ. ನೀವು ನಡುವೆ ಸಾಹೇಬರ ಮುಖ ನೋಡುತ್ತೀರಿ, ಅವರಿಗೆ ನೀವು ಕಿಟಕಿ ನೋಡುವಂತೆ ಕಾಣುತ್ತೀರಿ. 2002ರಲ್ಲಿ ಮಿಲ್ಟನ್ ಚೆನ್ ಎಂಬ ಸಂಶೋಧಕರು ಇದನ್ನು ಅಳೆದಿದ್ದಾರೆ. ನೋಟ ಕ್ಯಾಮೆರಾಕ್ಕಿಂತ ಸ್ವಲ್ಪ ಕೆಳಗಿದ್ದರೆ ನೋಡುವವರು ಕಣ್ಣಿಗೆ ಕಣ್ಣು ಕೊಟ್ಟಂತೆಯೇ ತಿಳಿಯುತ್ತಾರೆ, ಪಕ್ಕಕ್ಕೆ ಅಥವಾ ಮೇಲಕ್ಕೆ ಚೂರು ಸರಿದರೂ ಪತ್ತೆ ಹಚ್ಚುತ್ತಾರೆ. ಕೆಳಗಿನ ಆ ರಿಯಾಯಿತಿ ಸುಮಾರು 5 ಡಿಗ್ರಿ. ಎರಡು ಅಡಿ ದೂರದಲ್ಲಿ ಕೂತರೆ ಅದು ಕ್ಯಾಮೆರಾದ ಕೆಳಗೆ 5 ಸೆಂಟಿಮೀಟರ್, ಒಂದು ಮೀಟರ್ ದೂರ ಸರಿದರೆ ಹತ್ತಿರ ಹತ್ತಿರ 9. ವೈರಿನ ಮೈಕ್ ಗಲ್ಲದ ಬಳಿ ಇರುವುದರಿಂದ ಫೋನನ್ನು ದೂರ ಇಟ್ಟರೂ ದನಿ ಕೆಡುವುದಿಲ್ಲ.

ಹಾಗಾಗಿ ಫೋನನ್ನು ನೆಟ್ಟಗೆ ನಿಲ್ಲಿಸಿ, ಕಣ್ಣಿನ ಮಟ್ಟಕ್ಕೆ. ನಾಲ್ಕು ರಿಜಿಸ್ಟರ್ ಒಂದರ ಮೇಲೊಂದು ಇಟ್ಟರೆ ಆಯಿತು. ಅಂಕಿಗಳ ಚೀಟಿಯನ್ನು ತೊಡೆಯ ಮೇಲೆ ಇಟ್ಟುಕೊಳ್ಳಬೇಡಿ, ಫೋನಿನ ಕ್ಯಾಮೆರಾದ ಬೆನ್ನ ಹಿಂದೆ ಗೋಡೆಗೆ ದೊಡ್ಡ ಅಕ್ಷರದಲ್ಲಿ ಅಂಟಿಸಿ, ಕ್ಯಾಮೆರಾದ ಅಂಚಿಗೇ ಕಾಣುವಂತೆ. ಹೆಸರು, ಊರು ಹೇಳುವ ಮೊದಲ ವಾಕ್ಯಕ್ಕೂ ‘ಇಷ್ಟು ಸರ್’ಗೂ ಕ್ಯಾಮೆರಾ ನೋಡಿ. ಸಾಹೇಬರು ಮಾತಾಡುವಾಗ ಪರದೆಯಲ್ಲಿ ಅವರನ್ನೇ ನೋಡಿ, ಅವರು ಬಾಯಿ ತೆರೆಯುವುದು ಕಂಡರೆ ಡಿಕ್ಕಿ ತಪ್ಪುತ್ತದೆ. ಅವರು ನಿಮ್ಮನ್ನು ನೋಡುತ್ತಿಲ್ಲ ಅನಿಸಿದರೆ ಬೇಸರ ಬೇಡ. ಸಭಾಂಗಣದಲ್ಲಿ ಕ್ಯಾಮೆರಾ ಒಂದು ಕಡೆ, ದೊಡ್ಡ ಪರದೆ ಇನ್ನೊಂದು ಕಡೆ ಇರುತ್ತದೆ. ಅವರು ಪರದೆಯಲ್ಲಿ ನಿಮ್ಮನ್ನೇ ನೋಡುತ್ತಿದ್ದರೂ ನಿಮಗೆ ಬೇರೆಲ್ಲೋ ನೋಡಿದಂತೆ ಕಾಣುತ್ತದೆ.

ಇಷ್ಟಾದರೂ ಕರೆಂಟ್ ಹೋಗಿ ವೈಫೈ ಸತ್ತು ವರದಿಯ ನಡುವೆ ಹೊರಬೀಳುವ ದಿನ ಇದ್ದೇ ಇರುತ್ತದೆ. ಮೊಬೈಲ್ ಡೇಟಾ ಮೊದಲೇ ಆನ್ ಇರಲಿ. ಮತ್ತೆ ಸೇರಿದಾಗ ‘ಸರ್ ಕರೆಂಟ್ ಹೋಗಿತ್ತು, ಅದಕ್ಕೇ’ ಅಂತ ವಿವರಿಸಲು ಹೋಗಬೇಡಿ, ಅಷ್ಟರಲ್ಲಿ ಇನ್ನೊಬ್ಬರು ಮಾತಾಡುತ್ತಿರುತ್ತಾರೆ. ಉಳಿದ ಅಂಕಿಗಳನ್ನು ಪಂಚಾಯ್ತಿಯ ಹೆಸರಿನ ಜೊತೆ ಚಾಟ್‌ಗೆ ಹಾಕಿ, ಕರೆದರೆ ಮಾತ್ರ ಬಿಟ್ಟಲ್ಲಿಂದ ಮುಂದುವರಿಸಿ.